ಮಾರಿ ಯಾಕ ಮುಚ್ಚೀರಿ, ಸರ?



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಶಾಲೆಯ ವಾರ್ಷಿಕೋತ್ಸವವನ್ನು ಜನ ‘ಗ್ಯಾದರಿಂಗ್’ ಅನ್ನುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ವಾರ್ಷಿಕ ಸ್ನೇಹಸಮ್ಮೇಳನ ಎಂದು ಅಚ್ಚಾಗಿದ್ದರೂ ಬಾಯಲ್ಲಿ ಗ್ಯಾದರಿಂಗೇ. ಕಬ್ಬಿನ ಕಟಾವು ಜೋರಾಗಿರುವ ಚಳಿಗಾಲದಲ್ಲೇ ಇದು ಬರುತ್ತದೆ. ಸಂಜೆ ಆರಕ್ಕೆಂದು ಕರೆದರೆ ಅತಿಥಿಗಳ ಭಾಷಣ ಮುಗಿಯುವುದೇ ಎಂಟಕ್ಕೆ. ಆಮೇಲೆ ಲಾವಣಿ, ಕೋಲಾಟ, ಸಿನಿಮಾ ಹಾಡು, ರಾಯಣ್ಣನ ಪಾತ್ರ, ಶಿವಾಜಿ ಮಹಾರಾಜರ ಪಾತ್ರ, ಎಲ್ಲ ಒಂದೇ ಮಂಟಪದಲ್ಲಿ. ವಿಡಿಯೊದವರು ಮೂರು ತಾಸು ಚಿತ್ರೀಕರಿಸುತ್ತಾರೆ. ವಾರ ಕಳೆಯುವುದರೊಳಗೆ ಅದು ಶಾಲೆಯ ಯೂಟ್ಯೂಬ್ ಚಾನೆಲ್ಲಿಗೆ ಏರಿರಬೇಕು, ಇಲ್ಲದಿದ್ದರೆ ಪಾಲಕರ ಫೋನು ನಿಲ್ಲುವುದಿಲ್ಲ.

ನಾನು ಈ ಭಾಗದ ಒಂದು ಶಾಲೆಯ ಪ್ರಾಂಶುಪಾಲ. ಈ ಸಲ ನಮ್ಮ ಶಾಲೆಯ ವಿಡಿಯೊ ಚಾನೆಲ್ಲಿಗೆ ಏರಿತು, ಆದರೆ ಮಕ್ಕಳ ಮುಖವೆಲ್ಲ ಮಸುಕಾಗಿತ್ತು. ಮರುದಿನ ಒಬ್ಬ ವಿದ್ಯಾರ್ಥಿನಿಯ ಅಜ್ಜಿ ಕಚೇರಿಗೆ ಬಂದು ನೇರವಾಗಿಯೇ ಕೇಳಿದರು: “ನಮ್ಮ ಹುಡುಗಿ ಏನ್ ತಪ್ಪ ಮಾಡ್ಯಾಳ್ರೀ ಸರ? ಮಾರಿ ಯಾಕ ಮುಚ್ಚೀರಿ? ಟಿವ್ಯಾಗ ಕಳ್ಳರ್ದು ಮುಚ್ಚತಾರು.” ಆಕೆಯ ಮಾತಿನಲ್ಲಿ ಹುರುಳಿತ್ತು. ಟಿವಿಯಲ್ಲಿ ಮುಚ್ಚಿದ ಮುಖ ಕಂಡರೆ ನಮ್ಮ ಜನರಿಗೆ ಹೊಳೆಯುವುದು ಎರಡೇ: ಒಂದೋ ಆರೋಪಿ, ಇಲ್ಲವೇ ಅನ್ಯಾಯಕ್ಕೊಳಗಾದವರು. ಕುಣಿದು ಬಹುಮಾನ ಪಡೆದ ಹುಡುಗಿ ಈ ಎರಡೂ ಅಲ್ಲ. ಹಾಗಾಗಿ ಎಲ್ಲ ಪಾಲಕರಿಗೂ ಒಂದು ಪತ್ರ ಬರೆದೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಪತ್ರದಲ್ಲಿ ಚುಟುಕಾಗಿ ಹೇಳಿದ್ದನ್ನು ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪತ್ರದ ಮೊದಲ ಸಾಲು ಹೀಗಿದೆ: “ಮುಖ ಮಸುಕು ಮಾಡಿದ್ದು ನಿಮ್ಮ ಮಗುವಿನದಷ್ಟೇ ಅಲ್ಲ, ಎಲ್ಲ ಮಕ್ಕಳದೂ, ಮತ್ತು ಎಲ್ಲರದೂ ಮಾಡಿದ್ದಕ್ಕೆ ಒಂದು ಕಾರಣವಿದೆ.” ಪಾಲಕರಲ್ಲಿ ಹೆಚ್ಚಿನವರ ಪ್ರಶ್ನೆಯೂ ಇದರ ಬಗ್ಗೆಯೇ. “ಯಾರಿಗೆ ಬೇಡವೋ ಅವರ ಮಕ್ಕಳದು ಮುಚ್ಚಿ, ನಮ್ಮದು ತೋರಿಸಿ, ನಾವು ಸಹಿ ಮಾಡಿಕೊಡುತ್ತೇವೆ” ಎಂದರು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹಾಗೆ ಮಾಡಿದರೆ ಏನಾಗುತ್ತದೆ ನೋಡಿ.

ಇಪ್ಪತ್ತನಾಲ್ಕು ಹುಡುಗಿಯರ ಕೋಲಾಟವಿದೆ ಎಂದಿಟ್ಟುಕೊಳ್ಳಿ. ಇಪ್ಪತ್ತೆರಡು ಮುಖ ಸ್ಪಷ್ಟ, ಎರಡು ಮಸುಕು. ನೋಡುವವರ ಕಣ್ಣು ಮೊದಲು ಹೋಗುವುದೇ ಆ ಎರಡರ ಮೇಲೆ. ಊರಲ್ಲಿ ಉಡುಪು, ಎತ್ತರ, ನಡಿಗೆ ನೋಡಿ ಇಂಥವರ ಮಗಳು ಎಂದು ಹೇಳಲು ಅರ್ಧ ನಿಮಿಷ ಸಾಕು. ಆಮೇಲೆ, “ಅವಳದಷ್ಟೇ ಯಾಕ ಮುಚ್ಚ್ಯಾರ?” ಎಂಬ ಮಾತು ಹುಟ್ಟುತ್ತದೆ. ಆ ಮಾತಿಗೆ ಉತ್ತರ ನಮ್ಮ ಕಪಾಟಿನಲ್ಲಿ ಬೀಗ ಹಾಕಿಟ್ಟ ಕಡತದಲ್ಲಿರುತ್ತದೆ, ಅಲ್ಲೇ ಇರಬೇಕು.

ಯಾವ ಕಡತ ಎಂದರೆ, ಬಾಲ್ಯವಿವಾಹ ತಡೆದು ಮತ್ತೆ ಶಾಲೆಗೆ ಕಳುಹಿಸಿದ ಹುಡುಗಿಯದು. ದುಡಿಮೆಯಿಂದ ಬಿಡಿಸಿ ಕರೆತಂದ ಹುಡುಗನದು. ತಂದೆ ತಾಯಿ ಬೇರೆಯಾಗಿ, ಮಗು ಯಾರ ಬಳಿ ಇರಬೇಕೆಂದು ನ್ಯಾಯಾಲಯದಲ್ಲಿ ದಾವೆ ನಡೆಯುತ್ತಿರುವ ಮನೆಯದು. ಇಂಥ ಮಕ್ಕಳು ನಮ್ಮ ಶಾಲೆಯಲ್ಲಿದ್ದಾರೆ ಎಂದು ನಾನು ಹೇಳುತ್ತಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಯಾವ ಶಾಲೆಯ ಮುಖ್ಯಸ್ಥರೂ ಎರಡನ್ನೂ ಹೇಳಬಾರದು. 2015ರ ಬಾಲನ್ಯಾಯ ಕಾಯ್ದೆಯಲ್ಲಿ, ವಯಸ್ಸಿಗೆ ಮುಂಚೆ ಮದುವೆಯಾಗುವ ಅಪಾಯ ತಲೆಯ ಮೇಲಿರುವ ಮಗುವೂ, ಕಾನೂನು ಮೀರಿ ದುಡಿಮೆಗೆ ಹಚ್ಚಿದ ಮಗುವೂ ‘ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳ’ ಲೆಕ್ಕಕ್ಕೆ ಬರುತ್ತಾರೆ. ಅದೇ ಕಾಯ್ದೆಯ 74ನೇ ಕಲಮಿನ ಪ್ರಕಾರ, ಅಂಥ ಮಗುವಿನ ಪ್ರಕರಣದ ವರದಿಯಲ್ಲಿ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದೂ ಬರಕೂಡದು. ಮೀರಿದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಕೂಡ ಮಗುವಿನ ಗುರುತು ಬಯಲಾಗಬಾರದು ಎನ್ನುತ್ತದೆ. ಕೋಲಾಟದ ವಿಡಿಯೊ ಯಾವ ಪ್ರಕರಣದ ವರದಿಯೂ ಅಲ್ಲವಲ್ಲ ಎಂದು ವಕೀಲರು ಕೇಳಬಹುದು. ಅದು ಸರಿಯೇ. ಆದರೆ ಎರಡು ಮುಖ ಮಾತ್ರ ಮುಚ್ಚಿದ ವಿಡಿಯೊ ತಾನೇ ಒಂದು ವರದಿಯಾಗಿಬಿಡುತ್ತದೆ. ಅದಕ್ಕೇ ನಮ್ಮಲ್ಲಿ ಎಲ್ಲ ಮುಖವೂ ಮಸುಕು. ನೂರು ಮುಖ ಮುಚ್ಚಿದಾಗ ಆ ಎರಡು ಮುಖ ಯಾವುವೆಂದು ಯಾರಿಗೂ ತಿಳಿಯುವುದಿಲ್ಲ.

ಎರಡನೇ ಪ್ರಶ್ನೆ: “ಪ್ರವೇಶದ ಅರ್ಜಿಯಲ್ಲೇ ಫೋಟೊ ಬಳಸಲು ಒಪ್ಪಿಗೆ ಇದೆ ಎಂದು ಸಹಿ ತಗೊಂಡೀರಲ್ಲ, ಈಗೇನು?” ಹೌದು, ಅನೇಕ ಶಾಲೆಗಳ ಅರ್ಜಿಯ ಕೊನೆಯಲ್ಲಿ ಅಂಥ ಒಂದು ಸಾಲು ಇರುತ್ತದೆ. ಅದನ್ನು ಓದಿ ಸಹಿ ಹಾಕಿದ ಪಾಲಕರನ್ನು ನಾನಂತೂ ಕಂಡಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ಸಹಿಯನ್ನು ಒಪ್ಪಿಗೆ ಎಂದು ಎಣಿಸುವುದು ಕಷ್ಟ. ಯಾವುದಕ್ಕೆ, ಯಾಕೆ ಎಂದು ಬಿಡಿಯಾಗಿ ತಿಳಿಸಿ ಒಪ್ಪಿಗೆ ಕೇಳಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು. ಹದಿನೆಂಟು ತುಂಬದವರೆಲ್ಲ ಈ ಕಾಯ್ದೆಯಲ್ಲಿ ಮಕ್ಕಳೇ. ಅವರ ಪರವಾಗಿ ಒಪ್ಪಿಗೆ ಕೊಡುವವರು ತಂದೆ ತಾಯಿ ಅಥವಾ ಪೋಷಕರು, ಮತ್ತು ಕೊಟ್ಟವರು ಅವರೇ ಎಂದು ಖಚಿತಪಡಿಸಿಕೊಳ್ಳಬೇಕು. ಈ ಕಾಯ್ದೆಯ ನಿಯಮಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿದ್ದು 2025ರ ನವೆಂಬರ್ 14ರಂದು. ಮಕ್ಕಳ ದಿನಾಚರಣೆಯ ದಿನವೇ ಬಂತು, ಬೇಕೆಂದೇ ಮಾಡಿದರೋ ಕಾಕತಾಳೀಯವೋ! ಒಪ್ಪಿಗೆಯಂಥ ಮುಖ್ಯ ನಿಯಮಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಜಾರಿಯಾಗುವವರೆಗೆ ಕಾಯಬೇಕೆಂದು ನನಗನ್ನಿಸಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮಕ್ಕಳ ಬಗ್ಗೆಯೂ ಬರೆದಿದ್ದಾರೆ. ಮಕ್ಕಳು ಅಂತರ್ಜಾಲದಲ್ಲಿ ಬಿಡುವ ಗುರುತು ಅಳಿಯದೆ ಉಳಿದುಬಿಡುತ್ತದೆ, ಎಳೆತನದ ಸಂಗತಿಗಳು ಜೀವನಪೂರ್ತಿ ಬೆನ್ನಟ್ಟಬಾರದು ಎಂಬುದು ಅವರ ಕಳಕಳಿ. ನಮ್ಮ ಯು.ಕೆ.ಜಿ. ಮಗು ರಂಗದ ಮೇಲೆ ಅತ್ತದ್ದು ಅವತ್ತು ಎಲ್ಲರಿಗೂ ಮುದ್ದಾಗಿ ಕಾಣುತ್ತದೆ. ಹತ್ತನೇ ತರಗತಿಗೆ ಬಂದಾಗ ಗೆಳೆಯರು ಅದನ್ನೇ ಹುಡುಕಿ ತೆಗೆದು ಕಾಡಿದರೆ ಆ ಹುಡುಗನಿಗೆ ಅದು ಮುದ್ದಲ್ಲ.

ಆದರೆ ನಿಜವಾದ ಭಯ ಗೇಲಿಯದಲ್ಲ. ಸ್ಪೇನ್ ದೇಶದಲ್ಲಿ ಆಲ್ಮೆಂದ್ರಾಲೆಹೊ ಎಂಬ ಸಣ್ಣ ಊರಿದೆ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರ ನಗ್ನಚಿತ್ರಗಳು ಫೋನಿನಿಂದ ಫೋನಿಗೆ ಹರಿದಾಡಿದವು. ಹನ್ನೊಂದು, ಹನ್ನೆರಡು ವರ್ಷದವರೂ ಇದ್ದರು. ಚಿತ್ರಗಳೆಲ್ಲ ಸುಳ್ಳು. ಹುಡುಗಿಯರು ಹಾಕಿದ್ದ ಸಾದಾ ಫೋಟೊಗಳಿಂದ ಮುಖ ತೆಗೆದು ಒಂದು ಆ್ಯಪ್‌ನಲ್ಲಿ ತಿರುಚಿದ್ದರು. ಮಾಡಿದವರು ದೂರದ ಯಾರೋ ಅಲ್ಲ, ಅದೇ ಊರಿನ ಹುಡುಗರು. ಮರುವರ್ಷ ಬಾಲನ್ಯಾಯಾಲಯ ಹದಿನೈದು ಹುಡುಗರನ್ನು ತಪ್ಪಿತಸ್ಥರೆಂದು ಕಂಡಿತು. ಇಂಥದಕ್ಕೆ ಬೇಕಾಗುವ ಕಚ್ಚಾಮಾಲು ಒಂದೇ, ಬೆಳಕಿನಲ್ಲಿ ಎದುರಿನಿಂದ ತೆಗೆದ ಸ್ಪಷ್ಟ ಮುಖ. ಗ್ಯಾದರಿಂಗಿನ ವಿಡಿಯೊದಲ್ಲಿ ಅದು ಬೇಕಾದಷ್ಟು ಸಿಗುತ್ತದೆ. ಮೇಕಪ್ ಬೇರೆ ಹಚ್ಚಿರುತ್ತೇವೆ.

ಇನ್ನು ಮಸುಕು ಮಾಡುವ ಕೆಲಸದ ವಿಷಯ. ಗುಂಡಿ ಒತ್ತಿದರೆ ಆಗಿಬಿಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಯೂಟ್ಯೂಬಿನಲ್ಲೇ ಆ ಸೌಲಭ್ಯ 2012ರಿಂದ ಇದೆ. YouTube Studio ತೆರೆದು, ವಿಡಿಯೊ ಆರಿಸಿ, Editor ಒಳಗೆ Blur, ಅದರಲ್ಲಿ Face blur ಒತ್ತಿದರೆ ಅದು ತನಗೆ ಕಂಡ ಮುಖಗಳನ್ನೆಲ್ಲ ಸಾಲಾಗಿ ತೋರಿಸುತ್ತದೆ. ಬೇಕಾದವನ್ನು ಗುರುತು ಮಾಡಬೇಕು. ಒಬ್ಬರು ನಿಂತು ಭಾಷಣ ಮಾಡುವ ವಿಡಿಯೊಕ್ಕೆ ಇದು ಸಾಕು. ಕೋಲಾಟಕ್ಕೆ ಸಾಲದು. ಹುಡುಗಿ ತಿರುಗಿ ಪಕ್ಕದ ಮುಖ ತೋರಿಸಿದ ಕೂಡಲೇ ಯಂತ್ರ ಅವಳನ್ನು ಕೈಬಿಡುತ್ತದೆ, ಮತ್ತೆ ಎದುರಾದಾಗ ಹಿಡಿಯಲು ಒಂದು ಗಳಿಗೆ ತಡ ಮಾಡುತ್ತದೆ. ಇಬ್ಬರು ಎದುರುಬದುರು ದಾಟಿದರೆ ಒಬ್ಬಳ ಮಸುಕು ಇನ್ನೊಬ್ಬಳಿಗೆ ಅಂಟಿ, ಮೊದಲಿನವಳ ಮುಖ ಬಯಲಾಗುತ್ತದೆ. ಹಣೆಯ ದಂಡೆ, ಅಂಟಿಸಿದ ಮೀಸೆ, ಬಣ್ಣದ ದೀಪ ಇವೂ ಅದರ ಕಣ್ಣು ತಪ್ಪಿಸುತ್ತವೆ.

ಒಂದು ಗಳಿಗೆ ತಪ್ಪಿದರೇನು ಎನ್ನಬೇಡಿ. ವಿಡಿಯೊದಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು ಓಡುತ್ತವೆ. ಮೂರು ತಾಸಿಗೆ ಎರಡು ಲಕ್ಷ ಎಪ್ಪತ್ತು ಸಾವಿರ. ಇವುಗಳಲ್ಲಿ ಒಂದೇ ಒಂದರಲ್ಲಿ ಮುಖ ಬಯಲಾದರೂ ಬೇಕಾದವರು ಅಲ್ಲೇ ವಿಡಿಯೊ ನಿಲ್ಲಿಸಿ ಆ ಚಿತ್ರ ತೆಗೆದುಕೊಳ್ಳಬಹುದು. ಹಾಗಾಗಿ ನಮ್ಮ ವಿಡಿಯೊದವರಿಗೆ ನಾನು ಹೇಳಿದ್ದು ಹೆಚ್ಚು ಮಸುಕು ಮಾಡಿ ಎಂದಲ್ಲ, ಮಸುಕು ಮಾಡಬೇಕಾದ ಭಾಗವನ್ನೇ ಕಡಿಮೆ ಮಾಡಿ ಎಂದು. ಮೂರು ತಾಸಿನ ಬದಲು ಇಪ್ಪತ್ತು ನಿಮಿಷ ಸಾಕು. ಮಂಟಪದ ಹಿಂದಿನ ತುದಿಯಿಂದ ಇಡೀ ರಂಗ ಕಾಣುವಂತೆ ತೆಗೆದ ದೃಶ್ಯಗಳು, ಗೆಜ್ಜೆ ಕಟ್ಟಿದ ಕಾಲು, ಕೋಲು ಹಿಡಿದ ಕೈ, ಬೆನ್ನ ಕಡೆಯಿಂದ ಕಂಡ ವೇಷ. ಮುಖ ಹತ್ತಿರದಿಂದ ಬರುವ ತುಣುಕು ಕೆಲವೇ ಉಳಿದಾಗ ಅವನ್ನು ಕೈಯಿಂದಲೇ ಒಂದೊಂದಾಗಿ ಮಸುಕು ಮಾಡಿ, ಅರ್ಧ ವೇಗದಲ್ಲಿ ಓಡಿಸಿ ನೋಡಬಹುದು. ನಮ್ಮ ಚಿತ್ರಕಲಾ ಶಿಕ್ಷಕರು ಹಾಗೇ ಕುಳಿತು ನೋಡಿದರು.

ಅವರ ಕಣ್ಣಿಗೆ ಮೊದಲು ಬಿದ್ದದ್ದು ರಂಗದ ಹಿಂದಿನ ಎಲ್ಇಡಿ ಪರದೆ. ಈಗ ದೊಡ್ಡ ಗ್ಯಾದರಿಂಗ್ ಎಂದರೆ ಎಲ್ಇಡಿ ಇರಲೇಬೇಕು. ಮುಂದೆ ಕುಣಿಯುವ ಹುಡುಗಿಯ ಮುಖವನ್ನು ಮಸುಕು ಮಾಡಿದ್ದೇನೋ ಸರಿ, ಹಿಂದಿನ ಪರದೆಯಲ್ಲಿ ಅದೇ ಮುಖ ಎಂಟು ಅಡಿ ಎತ್ತರಕ್ಕೆ ನಗುತ್ತಿತ್ತು. ಎರಡನೆಯದು ವಿಡಿಯೊ ತೆರೆಯುವ ಮುನ್ನ ಕಾಣುವ ಹೊರಚಿತ್ರ. ಅದನ್ನು ಮೂಲ ವಿಡಿಯೊದಿಂದಲೇ ತೆಗೆದಿದ್ದರು, ಮಸುಕು ಇರಲಿಲ್ಲ. ಮೂರನೆಯದು ಕಣ್ಣಿಗೆ ಬೀಳುವುದಲ್ಲ, ಕಿವಿಗೆ ಬೀಳುವುದು. ನಿರೂಪಣೆ ಮಾಡುವವರು ಮೈಕಿನಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಊರು, ತರಗತಿ ಎಲ್ಲ ಹೇಳುತ್ತಾರೆ. ಬಹುಮಾನ ವಿತರಣೆಯಲ್ಲಂತೂ ಅಂಕಗಳ ಸಮೇತ. ಮುಖ ಮುಚ್ಚಿ ಹೆಸರು, ಊರು ಸಾರಿದರೆ ಮುಚ್ಚಿದ್ದು ವ್ಯರ್ಥ. ಆ ಭಾಗವನ್ನು ಪೂರ್ತಿ ಕತ್ತರಿಸಿದೆವು. ಬಹುಮಾನ ಪಡೆದವರ ಪಟ್ಟಿ ಶಾಲೆಯ ಫಲಕದ ಮೇಲಿದೆ, ಬಂದು ನೋಡಬಹುದು. ಅಂದಹಾಗೆ, ನೇರ ಪ್ರಸಾರದ ಪ್ಯಾಕೇಜು ಬಾಡಿಗೆಯಲ್ಲೇ ಸೇರಿದೆ ಎಂದು ವಿಡಿಯೊದವರು ಹೇಳಿದ್ದರು. ಬೇಡವೆಂದೆ. ನೇರ ಪ್ರಸಾರದಲ್ಲಿ ಕತ್ತರಿಸುವುದಾಗಲಿ, ಮುಚ್ಚುವುದಾಗಲಿ ಸಾಧ್ಯವಿಲ್ಲ.

ಮಸುಕು ಹೇಗಿರಬೇಕು ಎಂಬುದೂ ಮುಖ್ಯ. 2007ರಲ್ಲಿ ಇಂಟರ್‌ಪೋಲ್ ಮಕ್ಕಳನ್ನು ಶೋಷಿಸಿದ ಒಬ್ಬನನ್ನು ಹುಡುಕುತ್ತಿತ್ತು. ಅವನು ತನ್ನ ಮುಖವನ್ನು ಸುಳಿಯಂತೆ ತಿರುಚಿದ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿದ್ದ. ಜರ್ಮನಿಯ ಪೊಲೀಸ್ ತಜ್ಞರು ಆ ಸುಳಿಯನ್ನು ಉಲ್ಟಾ ತಿರುಗಿಸಿದರು, ಮುಖ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವನು ಥಾಯ್ಲೆಂಡಿನಲ್ಲಿ ಸಿಕ್ಕಿಬಿದ್ದ. ಅಲ್ಲಿ ಅದು ಒಳ್ಳೆಯದಕ್ಕೇ ಆಯಿತು. ಆದರೆ ತಿರುಚಿದ ಚಿತ್ರದಲ್ಲಿ ಮೂಲದ ಮಾಹಿತಿ ಅಲ್ಲೇ ಉಳಿದಿರುತ್ತದೆ, ಜಾಗ ಮಾತ್ರ ಬದಲಾಗಿರುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಮಸುಕು ಹಾಗಲ್ಲ, ಅದು ಮಾಹಿತಿಯನ್ನೇ ಕಳೆಯುತ್ತದೆ. ಎಷ್ಟು ಕಳೆಯುತ್ತದೆ ಎಂಬುದು ಎಷ್ಟು ದಟ್ಟವಾಗಿ ಮಾಡಿದ್ದೀರಿ ಎಂಬುದರ ಮೇಲೆ. ಅಮೆರಿಕದ ಸಂಶೋಧಕರು 2016ರಲ್ಲಿ, ಮಸುಕು ಮಾಡಿದ ಮತ್ತು ಚೌಕಳಿ ಹಾಕಿದ ಮುಖಗಳನ್ನು ಕಂಪ್ಯೂಟರಿಗೆ ಕಲಿಸಿ, ಅದು ಅವನ್ನು ಗುರುತಿಸಬಲ್ಲದು ಎಂದು ತೋರಿಸಿದರು. ಯೂಟ್ಯೂಬಿನ ಮಸುಕೂ ಅವರ ಪರೀಕ್ಷೆಯಲ್ಲಿತ್ತು. ಅದಕ್ಕೆ ನಾವು ಕಣ್ಣು, ಬಾಯಿ ಎಲ್ಲಿವೆ ಎಂಬುದೂ ತಿಳಿಯದಷ್ಟು ದಟ್ಟ ಮಾಡಿಸಿದೆವು. ಚೆಂದ ಕಾಣುವುದಿಲ್ಲ, ನಿಜ. ಚೆಂದ ಕಾಣಲಿ ಎಂದು ತೆಳುವಾಗಿ ಮಾಡುವ ಮಸುಕು ಬರೀ ಶಾಸ್ತ್ರಕ್ಕೆ.

ಇಷ್ಟಾದರೂ ಊರಿನವರು ನಿಮ್ಮ ಮಗಳನ್ನು ಗುರುತಿಸುತ್ತಾರೆ. ಅದು ತಪ್ಪುವುದಿಲ್ಲ, ತಪ್ಪಬೇಕಾಗಿಯೂ ಇಲ್ಲ. ಅಜ್ಜಿ ಕೂಡ ಮೊಮ್ಮಗಳನ್ನು ಗುರುತಿಸಿಯೇ ಅಲ್ಲವೇ ಜಗಳಕ್ಕೆ ಬಂದದ್ದು! ಮಸುಕು ಇರುವುದು ಗುರುತಿಲ್ಲದವರಿಗಾಗಿ, ಮುಖ ಹುಡುಕುವ ಜಾಲತಾಣಗಳಿಗಾಗಿ, ಮುಖ ಕತ್ತರಿಸಿ ಬೇರೆಡೆ ಅಂಟಿಸುವವರಿಗಾಗಿ.

ಪತ್ರಕ್ಕೆ ಬಂದ ಉತ್ತರಗಳಲ್ಲಿ ಒಂದಕ್ಕೆ ನಾನು ತಲೆಬಾಗಲೇಬೇಕಾಯಿತು. ನಮ್ಮ ಸೀಮೆಯಲ್ಲಿ ಸೈನ್ಯಕ್ಕೆ ಸೇರಿದವರು ಮನೆಮನೆಗೂ ಇದ್ದಾರೆ. ಒಬ್ಬ ತಾಯಿ ಬರೆದರು: “ಅವರ ಅಪ್ಪ ಬಾರ್ಡರ್‌ನ್ಯಾಗ ಅದಾರ್ರಿ. ವರ್ಷಕ್ಕೊಮ್ಮೆ ಬರತಾರ. ಮಗಳ ಮಾರಿ ನೋಡಾಕ ಅವರಿಗೆ ಇದೊಂದ ದಾರಿ.” ದುಡಿಯಲು ಇಚಲಕರಂಜಿಗೆ, ಕೊಲ್ಲಾಪುರಕ್ಕೆ, ಪುಣೆಗೆ ಹೋದವರ ಮನೆಗಳದೂ ಇದೇ ಮಾತು. ಇವರಿಗೆ ಕಾಯ್ದೆಯ ಕಲಂ ಹೇಳಿ ಕಳಿಸುವುದು ಸರಿಯಲ್ಲ.

ಅವರಿಗಾಗಿ ಎರಡನೇ ಪ್ರತಿ ಮಾಡಿಸಿದ್ದೇವೆ. ಇದು ಮೂರು ತಾಸಿನದು, ಮುಖ ಮುಚ್ಚಿಲ್ಲ, ಅಂತರ್ಜಾಲದಲ್ಲಿ ಎಲ್ಲೂ ಇಲ್ಲ. ಪೆನ್‌ಡ್ರೈವ್ ತಂದು ಕಚೇರಿಯಲ್ಲಿ ರಿಜಿಸ್ಟರಿಗೆ ಸಹಿ ಮಾಡಿ ತುಂಬಿಸಿಕೊಂಡು ಹೋಗಬಹುದು. ಯೂಟ್ಯೂಬಿನಲ್ಲೇ Unlisted ಎಂದು ಗುರುತು ಮಾಡಿ ಹಾಕಿ, ಕೊಂಡಿ ಕಳಿಸಿ ಎಂದು ಕೆಲವರು ಸಲಹೆ ಕೊಟ್ಟರು. ಹಾಗೆ ಹಾಕಿದ ವಿಡಿಯೊ ಹುಡುಕಿದರೆ ಸಿಗುವುದಿಲ್ಲ ನಿಜ, ಆದರೆ ಕೊಂಡಿ ಸಿಕ್ಕವರೆಲ್ಲ ನೋಡಬಹುದು. ವಾಟ್ಸಾಪ್ ಗುಂಪಿಗೆ ಬಿದ್ದ ಕೊಂಡಿ ಸಂಜೆಯೊಳಗೆ ಯಾವ ಊರು ಮುಟ್ಟುತ್ತದೋ ಹೇಳಲಾಗದು. ಹಾಗಾಗಿ ಬೇಡವೆಂದೆ. ವಿಡಿಯೊದವರ ಮೆಮೊರಿ ಕಾರ್ಡನ್ನೂ ನಮ್ಮೆದುರೇ ಅಳಿಸಿದ್ದಾರೆ. ಬಾಡಿಗೆಯ ಕರಾರಿನಲ್ಲೇ ಅದನ್ನು ಬರೆಸಿದ್ದೆವು. ಅವರ ಜಾಹೀರಾತಿಗೆ ನಮ್ಮ ಮಕ್ಕಳ ನೃತ್ಯ ಬಳಸುವಂತಿಲ್ಲ ಎಂದೂ ಬರೆಸಿದ್ದೆವು.

ಪಾಲಕರು ತಾವೇ ಮೊಬೈಲಿನಲ್ಲಿ ತೆಗೆದದ್ದನ್ನು ನಾನು ತಡೆಯಲಾರೆ. ಮನೆಯ ಬಳಕೆಗೆ ಇಟ್ಟುಕೊಂಡರೆ ದತ್ತಾಂಶ ಕಾಯ್ದೆಯೂ ತಡೆಯುವುದಿಲ್ಲ, ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಉಪಯೋಗಕ್ಕೆ ಬಳಸುವುದನ್ನು ಅದು ಹೊರಗಿಟ್ಟಿದೆ. ಆದರೆ ಎಲ್ಲರೂ ನೋಡುವಂತೆ ರೀಲ್ಸ್ ಮಾಡಿ ಹಾಕುವುದನ್ನು ಮನೆಯ ಬಳಕೆ ಎನ್ನಲು ಬರುವುದಿಲ್ಲ. ನಿಮ್ಮ ಮಗಳ ಪಕ್ಕದಲ್ಲಿ ಕುಣಿಯುತ್ತಿರುವುದು ಇನ್ನೊಬ್ಬರ ಮಗಳು. ಅವಳ ಮನೆಯ ಸಂಗತಿ ನಿಮಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಹಾಗಾಗಿ ಪತ್ರದ ಕೊನೆಯಲ್ಲಿ ಕೇಳಿಕೊಂಡದ್ದನ್ನೇ ಇಲ್ಲೂ ಕೇಳುತ್ತೇನೆ. ಪೆನ್‌ಡ್ರೈವ್ ಒಯ್ಯಿರಿ, ಮನೆಮಂದಿಯೆಲ್ಲ ಕುಳಿತು ನೋಡಿರಿ, ದೂರದಲ್ಲಿರುವ ಅಪ್ಪನಿಗೆ ಕಳಿಸಿರಿ. ಸ್ಟೇಟಸ್ಸಿಗೆ ಹಾಕಲೇಬೇಕು ಅನ್ನಿಸಿದರೆ ನಿಮ್ಮ ಮಗು ಒಂಟಿಯಾಗಿರುವ ತುಣುಕನ್ನು ಆರಿಸಿ ಹಾಕಿರಿ, ಹಾಕುವ ಮುಂಚೆ ಮಗುವನ್ನೂ ಒಂದು ಮಾತು ಕೇಳಿರಿ. ಮಕ್ಕಳ ಚಿತ್ರ ಎಲ್ಲಿಯಾದರೂ ತಿರುಚಿ ಹಾಕಿದ್ದು ಕಂಡರೆ ಅದನ್ನು ಬೇರೆಯವರಿಗೆ ಕಳಿಸಬೇಡಿ, ಎಲ್ಲಿ ಕಂಡಿತೆಂಬ ವಿವರ ಮಾತ್ರ ಬರೆದಿಟ್ಟುಕೊಂಡು ಸೈಬರ್ ಸಹಾಯವಾಣಿ 1930ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿರಿ. ಪೆನ್‌ಡ್ರೈವ್ ಇಲ್ಲದವರು ಶನಿವಾರ ಮಧ್ಯಾಹ್ನ ಶಾಲೆಗೆ ಬನ್ನಿ, ದೊಡ್ಡ ಪರದೆಯ ಮೇಲೆ ಹಾಕಿ ತೋರಿಸುತ್ತೇವೆ. ಅಜ್ಜಿಯಂದಿರನ್ನು ತಪ್ಪದೆ ಕರೆತನ್ನಿ.